ಒಂದು ಪಿಕ್ಸೆಲ್ ಮೋಡದೊಳಗೆ ಹೊಕ್ಕಾಗ

ಬೆಟ್ಟ, ಮನೆ, ಮರಗಳನ್ನು ಕಂಪ್ಯೂಟರ್ ಸಣ್ಣ ಸಣ್ಣ ತ್ರಿಕೋನಗಳ ಹೊದಿಕೆಯಾಗಿ ಬಿಡಿಸುತ್ತದೆ. ಮೋಡಕ್ಕೆ ಹಾಗೆ ಹೊದಿಸಬಹುದಾದ ಹೊರಮೈಯೇ ಇಲ್ಲ. ಅದು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಗೆರೆ ಎಳೆದು ತೋರಿಸಲಾಗದು. ಆದ್ದರಿಂದಲೇ ಬಹುಕಾಲ ಕಂಪ್ಯೂಟರ್ ಆಟಗಳ ಆಕಾಶವು ಗುಮ್ಮಟದ ಒಳಮೈಗೆ ಅಂಟಿಸಿದ ಚಿತ್ರವಾಗಿತ್ತು. ಗೆರಿಲ್ಲಾ ಗೇಮ್ಸ್ ಎಂಬ ಡಚ್ ಸಂಸ್ಥೆಯ ಆಂಡ್ರ್ಯೂ ಶ್ನೈಡರ್, 'ಹೊರೈಝನ್ ಝೀರೋ ಡಾನ್' ಆಟಕ್ಕಾಗಿ ತಮ್ಮ ತಂಡ ಕಂಡುಕೊಂಡ ಬೇರೊಂದು ದಾರಿಯನ್ನು 2015ರ ಸಿಗ್ರಾಫ್ ಸಮ್ಮೇಳನದಲ್ಲಿ ವಿವರಿಸಿದರು. ಪರದೆಯ ಒಂದೇ ಒಂದು ಪಿಕ್ಸೆಲ್‌ನ ಬೆನ್ನು ಹಿಡಿದರೆ ಆ ದಾರಿ ಚೆನ್ನಾಗಿ ಅರ್ಥವಾಗುತ್ತದೆ.

ಕಣ್ಣಿನಿಂದ ಹೊರಟ ಒಂದು ಕಿರಣ ಆ ಪಿಕ್ಸೆಲ್ ಮೂಲಕ ಹಾದು ಆಕಾಶಕ್ಕೆ ಏರುತ್ತದೆ ಎಂದುಕೊಳ್ಳೋಣ. ಈ ಆಟದಲ್ಲಿ ಮೋಡಗಳ ಪದರ ನೆಲದಿಂದ 1,500 ಮೀಟರ್ ಎತ್ತರದಲ್ಲಿ ಆರಂಭವಾಗಿ 4,000 ಮೀಟರ್‌ವರೆಗೆ ಹಬ್ಬಿದೆ. ಕಿರಣವು ಈ ಪದರವನ್ನು ಹೆಜ್ಜೆ ಹೆಜ್ಜೆಯಾಗಿ ದಾಟುತ್ತದೆ. ನೆತ್ತಿಯ ಕಡೆಗಾದರೆ 64 ಹೆಜ್ಜೆ, ದಿಗಂತದ ಕಡೆಗೆ ದಾರಿ ಓರೆಯಾಗಿ ಉದ್ದವಾಗುವುದರಿಂದ 128. ಪ್ರತಿ ಹೆಜ್ಜೆಯಲ್ಲೂ ಅದು ಕೇಳುವ ಪ್ರಶ್ನೆ ಒಂದೇ: ಇಲ್ಲಿ ಮೋಡ ಎಷ್ಟು ದಟ್ಟವಾಗಿದೆ? ಹೀಗೆ ನಡೆದು ನೋಡುವ ಕ್ರಮಕ್ಕೆ ರೇಮಾರ್ಚಿಂಗ್ ಎಂದು ಹೆಸರು.

ಆ ಪ್ರಶ್ನೆಗೆ ಉತ್ತರ ಕೊಡುವುದು ನಾಯ್ಸ್, ಅಂದರೆ ಗಣಿತದಿಂದ ಹುಟ್ಟಿಸಿದ, ಆದರೆ ಹದವಾದ ಏರಿಳಿತವುಳ್ಳ ಅಂಕೆಗಳ ಹರವು. ಕೆನ್ ಪರ್ಲಿನ್ 1985ರಲ್ಲಿ ಪ್ರಕಟಿಸಿದ ನಾಯ್ಸ್ ಹೊಗೆಯಂತೆ ಒಂದಕ್ಕೊಂದು ಬೆಸೆದುಕೊಂಡು ಹಬ್ಬುತ್ತದೆ. ಸ್ಟೀವನ್ ವೊರ್ಲಿ 1996ರಲ್ಲಿ ಪ್ರಕಟಿಸಿದ್ದು ಬೇರೆ ಬಗೆಯದು. ಸಾಲು ತಪ್ಪಿ ಚೆಲ್ಲಿದ ರಂಗೋಲಿ ಚುಕ್ಕಿಗಳನ್ನು ನೆನೆಸಿಕೊಂಡು, ಯಾವುದೇ ಜಾಗದಿಂದ ತೀರ ಹತ್ತಿರದ ಚುಕ್ಕಿಗೆ ಎಷ್ಟು ದೂರ ಎಂದು ಅಳೆದರೆ ಸಿಗುವ ಅಂಕೆಯೇ ವೊರ್ಲಿ ನಾಯ್ಸ್. ಅದನ್ನು ತಲೆಕೆಳಗು ಮಾಡಿದರೆ ಹೂಕೋಸಿನಂತಹ ಉಬ್ಬುಗಳು ಸಿಗುತ್ತವೆ. ಎರಡನ್ನೂ ಬೆರೆಸಿದಾಗ ಮೋಡದ ಒಟ್ಟು ಆಕಾರ ಮೂಡುತ್ತದೆ. ಅಂಚಿನ ನವಿರು ಚೂರುಗಳಿಗಾಗಿ ಇನ್ನೊಂದು ಚಿಕ್ಕ, ಸೂಕ್ಷ್ಮ ನಾಯ್ಸ್ ಬೇಕು.

ಈ ಸೂಕ್ಷ್ಮ ನಾಯ್ಸನ್ನು ಹೇಗೆ ಸೇರಿಸುತ್ತೇವೆ ಎಂಬುದರಲ್ಲಿ ಇಡೀ ವಿಧಾನದ ಜಾಣ್ಮೆಯಿದೆ ಎಂದು ನನಗನಿಸುತ್ತದೆ. ಅದರಿಂದ ಗುಣಿಸಿಬಿಟ್ಟರೆ ಮೋಡದ ಒಡಲಲ್ಲೂ ತೂತುಗಳಾಗುತ್ತವೆ. ಬದಲಿಗೆ ಅದನ್ನು ಹೊಸ ಸೊನ್ನೆಯಾಗಿ ಹಿಡಿದು, ಅದಕ್ಕಿಂತ ಮೇಲಿರುವ ಭಾಗವನ್ನು ಮತ್ತೆ 0ಯಿಂದ 1ರವರೆಗೆ ಹಿಗ್ಗಿಸುತ್ತಾರೆ. ಸೂಕ್ಷ್ಮ ನಾಯ್ಸ್ 0.1 ಇದೆ ಎನ್ನೋಣ. ಅಂಚಿನಲ್ಲಿ ಸಾಂದ್ರತೆ 0.25 ಇದ್ದರೆ, ಅದರಲ್ಲಿ 0.1 ಕಳೆದು 0.9ರಿಂದ ಭಾಗಿಸಿದಾಗ ಉಳಿಯುವುದು ಸುಮಾರು 0.17, ಮೂರನೆಯ ಒಂದು ಪಾಲು ಸವೆಯಿತು. ಒಡಲಲ್ಲಿ 0.9 ಇದ್ದರೆ ಅದೇ ಲೆಕ್ಕದಲ್ಲಿ 0.89 ಉಳಿಯುತ್ತದೆ. ಒಂದೇ ಸೂತ್ರ ಅಂಚನ್ನು ಹರಿದು ಚಿಂದಿ ಮಾಡುತ್ತದೆ, ಒಡಲನ್ನು ಮುಟ್ಟುವುದಿಲ್ಲ.

ಸಾಂದ್ರತೆ ತಿಳಿದ ಮೇಲೆ ಬೆಳಕಿನ ಲೆಕ್ಕ. ಬಿಯರ್ ನಿಯಮದ ಪ್ರಕಾರ, ದಟ್ಟಣೆಯೊಳಗೆ ಸಾಗಿದಷ್ಟೂ ಬೆಳಕು ಘಾತೀಯವಾಗಿ ಕುಗ್ಗುತ್ತದೆ. ಪದರದ 2,500 ಮೀಟರ್ ದಪ್ಪವನ್ನು 64ರಿಂದ ಭಾಗಿಸಿದರೆ ಒಂದು ಹೆಜ್ಜೆ ಸುಮಾರು 39 ಮೀಟರ್. ಪೂರ್ಣ ದಟ್ಟಣೆಯಲ್ಲಿ ಮೀಟರಿಗೆ 0.05 ತಡೆ ಇದೆ, ಸಾಂದ್ರತೆ 0.2 ಎಂದಿಟ್ಟುಕೊಂಡರೆ, ಒಂದು ಹೆಜ್ಜೆಯ ನಂತರ 68 ಶೇಕಡಾ ಬೆಳಕು ಉಳಿಯುತ್ತದೆ, ಐದು ಹೆಜ್ಜೆಯ ನಂತರ 14 ಶೇಕಡಾ, ಹನ್ನೆರಡರ ನಂತರ ಒಂದು ಶೇಕಡಾಕ್ಕಿಂತ ಕಡಿಮೆ. ಅಲ್ಲಿಂದಾಚೆ ಏನಿದ್ದರೂ ಕಣ್ಣಿಗೆ ಬೀಳದು, ಆದ್ದರಿಂದ ಕಿರಣ ಅಲ್ಲೇ ನಿಲ್ಲಬಹುದು.

```glsl
for (int i = 0; i < 64; i++) {
    float d = density(p);
    if (d > 0.0) {
        float a = exp(-sigma * d * stepLen);
        color += T * (1.0 - a) * sunLight(p);
        T *= a;
        if (T < 0.01) break;
    }
    p += dir * stepLen;
}
```

ಇಲ್ಲಿ `sigma` ಎಂದರೆ ಮೀಟರಿಗೆ ಇರುವ ತಡೆ, `T` ಎಂದರೆ ಇನ್ನೂ ಉಳಿದಿರುವ ಪಾರದರ್ಶಕತೆ. `sunLight` ಮಾತ್ರ ಚಿಕ್ಕದಾಗಿ ಕಂಡರೂ ದುಬಾರಿ: ಈ ಬಿಂದುವಿಗೆ ಎಷ್ಟು ಬಿಸಿಲು ತಲುಪಿದೆ ಎಂದು ತಿಳಿಯಲು ಸೂರ್ಯನ ಕಡೆಗೆ ಮತ್ತೊಂದು ನಡಿಗೆ ನಡೆಯಬೇಕು. ಗೆರಿಲ್ಲಾ ತಂಡ ಅದಕ್ಕೆ ಆರೇ ಹೆಜ್ಜೆ ಬಳಸಿತು. ಅವು ನೇರ ಗೆರೆಯಲ್ಲಿರದೆ ಶಂಕುವಿನಾಕಾರದಲ್ಲಿ ಹರಡಿಕೊಂಡಿರುತ್ತವೆ, ಕೊನೆಯದು ತುಂಬ ದೂರದಲ್ಲಿದ್ದು ಪಕ್ಕದ ಮೋಡದ ನೆರಳನ್ನು ಹಿಡಿಯುತ್ತದೆ. ಸೂರ್ಯನ ಸುತ್ತಲಿನ ಮೋಡದ ಅಂಚು ಬೆಳ್ಳಿಯಂತೆ ಹೊಳೆಯಲು, ನೀರ ಹನಿಗಳು ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚದುರಿಸುತ್ತವೆ ಎಂಬುದನ್ನು ಹೆನ್ಯೆ-ಗ್ರೀನ್‌ಸ್ಟೈನ್ ಸೂತ್ರದಿಂದ ಸೇರಿಸುತ್ತಾರೆ. 1941ರ ಈ ಸೂತ್ರ ಹುಟ್ಟಿದ್ದು ನಕ್ಷತ್ರಗಳ ನಡುವಿನ ಧೂಳಿನ ಅಧ್ಯಯನಕ್ಕಾಗಿ. ಆದರೆ ನಿಜವಾದ ಮೋಡದಲ್ಲಿ ಬೆಳಕು ಹನಿಯಿಂದ ಹನಿಗೆ ಎಷ್ಟೋ ಸಲ ಪುಟಿದು ಹೊರಬರುತ್ತದೆ, ಹಾಗಾಗಿಯೇ ಅದು ಬೆಳ್ಳಗಿರುತ್ತದೆ. ಒಂದೇ ಪುಟಿತವನ್ನು ಲೆಕ್ಕ ಹಾಕುವ ಈ ವಿಧಾನ ಬಿಯರ್ ನಿಯಮವನ್ನಷ್ಟೇ ನಂಬಿದರೆ ಮೋಡದ ತಳ ಮಸಿ ಬಳಿದಂತೆ ಕಾಣುತ್ತದೆ. ಅದನ್ನು ತಿಳಿಗೊಳಿಸಲು ಸೇರಿಸುವ ಅಂಕೆಗಳೆಲ್ಲ ಕಣ್ಣಿನ ಅಂದಾಜಿನವು, ಭೌತಶಾಸ್ತ್ರದವಲ್ಲ.

ಈಗ ಒಟ್ಟು ಲೆಕ್ಕ ನೋಡಿ. 1920 × 1080 ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿವೆ. ಪ್ರತಿಯೊಂದಕ್ಕೂ 64 ಹೆಜ್ಜೆಯೆಂದರೆ 13 ಕೋಟಿಗೂ ಹೆಚ್ಚು ಸಲ ಸಾಂದ್ರತೆಯನ್ನು ಕೇಳಬೇಕು, ಬಿಸಿಲಿನ ನಡಿಗೆ ಬೇರೆ. ಸೆಕೆಂಡಿಗೆ 30 ಫ್ರೇಮ್ ತೋರಿಸುವ ಆಟಕ್ಕೆ ಒಂದು ಫ್ರೇಮ್‌ಗೆ ಸಿಗುವುದು 33 ಮಿಲಿಸೆಕೆಂಡ್. ಅದರಲ್ಲಿ ಸುಮಾರು 20 ಮೋಡಗಳಿಗೇ ಹೋಗುತ್ತಿತ್ತು, ಆದರೆ ಅವಕ್ಕೆ ಕೊಡಬಹುದಾಗಿದ್ದುದು 2 ಮಾತ್ರ.

ಪರಿಹಾರ ಸಿಕ್ಕಿದ್ದು ಮೋಡದ ನಿಧಾನ ಸ್ವಭಾವದಿಂದ. ಪರದೆಯನ್ನು 4 × 4 ಪಿಕ್ಸೆಲ್‌ಗಳ ಚೌಕಗಳಾಗಿ ವಿಂಗಡಿಸಿ, ಒಂದು ಫ್ರೇಮ್‌ನಲ್ಲಿ ಪ್ರತಿ ಚೌಕದ ಒಂದೇ ಪಿಕ್ಸೆಲ್‌ಗೆ ಕಿರಣ ಬಿಡುತ್ತಾರೆ. ಉಳಿದ ಹದಿನೈದು, ಹಿಂದಿನ ಫ್ರೇಮ್‌ಗಳ ಬಣ್ಣವನ್ನೇ ಪಡೆಯುತ್ತವೆ. ಕ್ಯಾಮೆರಾ ತಿರುಗಿದ್ದರೆ, ಈಗ ಈ ಪಿಕ್ಸೆಲ್‌ನಲ್ಲಿ ಕಾಣುವ ಮೋಡದ ಬಿಂದು ಹಿಂದಿನ ಚಿತ್ರದಲ್ಲಿ ಎಲ್ಲಿತ್ತು ಎಂದು ಲೆಕ್ಕ ಹಾಕಿ ಅಲ್ಲಿಂದ ಬಣ್ಣ ತರುತ್ತಾರೆ. ಹದಿನಾರು ಫ್ರೇಮ್‌ಗಳಲ್ಲಿ, ಅಂದರೆ ಸುಮಾರು ಅರ್ಧ ಸೆಕೆಂಡಿನಲ್ಲಿ, ಇಡೀ ಆಕಾಶ ಹೊಸದಾಗುತ್ತದೆ. ಅಷ್ಟರಲ್ಲಿ ದೂರದ ಮೋಡ ಗಮನಕ್ಕೆ ಬರುವಷ್ಟು ಬದಲಾಗುವುದಿಲ್ಲ.

ಈ ಉಳಿತಾಯಕ್ಕೆ ಇನ್ನೊಂದು ಲಾಭವೂ ಸೇರಿಕೊಂಡಿದೆ. ನಾನು ಮೊದಲ ಸಲ ಇಂಥ ಮೋಡ ಬರೆದಾಗ ಅದು ಈರುಳ್ಳಿ ಕತ್ತರಿಸಿದಂತೆ ಪದರ ಪದರವಾಗಿ ಕಂಡಿತು, ನಾಯ್ಸನ್ನೇ ಎಷ್ಟೋ ಹೊತ್ತು ತಿದ್ದಿದೆ. ತಪ್ಪು ಅಲ್ಲಿರಲಿಲ್ಲ. ಗಾಳಿಯನ್ನು ನಿಲ್ಲಿಸಿ ಕ್ಯಾಮೆರಾವನ್ನು ನಿಧಾನವಾಗಿ ಮುಂದೆ ಸರಿಸಿದಾಗ ಪಟ್ಟೆಗಳು ಮೋಡಕ್ಕೆ ಅಂಟಿಕೊಂಡಿರದೆ ನನ್ನ ಜೊತೆಗೇ ಬಂದವು. ಹಾಗಿದ್ದರೆ ಅವು ಹೆಜ್ಜೆಗಳ ಗುರುತು. ಪ್ರತಿ ಕಿರಣದ ಮೊದಲ ಹೆಜ್ಜೆಯನ್ನು ತುಸು ಹಿಂದೆ ಮುಂದೆ ಚದುರಿಸಿದರೆ ಪಟ್ಟೆ ಒಡೆದು ಮರಳಿನಂಥ ಕಾಳಾಗುತ್ತದೆ. ಆ ಚದುರಿಕೆಯನ್ನು ಸುತ್ತಿನಿಂದ ಸುತ್ತಿಗೆ ಬದಲಿಸಿ, ಹೊಸ ಬಣ್ಣವನ್ನು ಹಳೆಯದರೊಂದಿಗೆ ಬೆರೆಸಿದರೆ ಕಾಳೂ ಕರಗುತ್ತದೆ.

ಹಳೆಯ ಬಣ್ಣ ಸಿಗದಿದ್ದಾಗ ತೊಂದರೆ. ಕ್ಯಾಮೆರಾವನ್ನು ಥಟ್ಟನೆ ತಿರುಗಿಸಿದರೆ ಪರದೆಯ ಅಂಚಿನಲ್ಲಿ ಹಿಂದೆ ಕಾಣದೇ ಇದ್ದ ಆಕಾಶ ತೆರೆದುಕೊಳ್ಳುತ್ತದೆ, ಅಲ್ಲಿ ಕಡಿಮೆ ರೆಸಲ್ಯೂಶನ್ನಿನ ಬಣ್ಣವನ್ನೇ ಹಿಗ್ಗಿಸಿ ತುಂಬಬೇಕಾಗುತ್ತದೆ. ಗೋಪುರದ ಹಿಂದಿನಿಂದ ಹೊರಬರುವ ಮೋಡಕ್ಕೂ ಇತಿಹಾಸವಿಲ್ಲ. ಅಲ್ಲಿ ತಪ್ಪು ಬಣ್ಣ ತಂದರೆ ಗೋಪುರದ ಬೆನ್ನಿಗೆ ಮಸುಕಾದ ಬಾಲವೊಂದು ಎಳೆದುಕೊಂಡು ಬರುತ್ತದೆ. ಕ್ಯಾಮೆರಾ ನಿಂತ ಅರ್ಧ ಸೆಕೆಂಡಿನಲ್ಲಿ ಆ ಬಾಲ ಮಾಯವಾದರೆ ದೋಷ ಹಳೆಯ ಫ್ರೇಮ್‌ಗಳ ಬಳಕೆಯಲ್ಲಿದೆ ಎಂದು ಖಚಿತಪಡಿಸಿಕೊಳ್ಳಬಹುದು. ಎಲ್ಲಕ್ಕಿಂತ ಕಠಿಣವಾದದ್ದು ಮೋಡದೊಳಗಿನ ಹಾರಾಟ. ಅಲ್ಲಿ ಮೋಡ ಮುಖದ ಪಕ್ಕದಲ್ಲೇ ಸರಿದುಹೋಗುವುದರಿಂದ ಅರ್ಧ ಸೆಕೆಂಡಿನ ಹಿಂದಿನ ಬಣ್ಣ ಯಾವ ಉಪಯೋಗಕ್ಕೂ ಬರುವುದಿಲ್ಲ. ಗೆರಿಲ್ಲಾ ತಂಡ 2023ರ ಸಿಗ್ರಾಫ್‌ನಲ್ಲಿ ಮಂಡಿಸಿದ ಹೊಸ ವಿಧಾನದಲ್ಲಿ ಮೋಡದ ಆಕಾರವನ್ನು ವಾಕ್ಸೆಲ್ ಎಂಬ ಮೂರು ಆಯಾಮದ ಪುಟ್ಟ ಘನಗಳಲ್ಲಿ ಮೊದಲೇ ತುಂಬಿಟ್ಟಿರುತ್ತಾರೆ. ನಾಯ್ಸ್ ಅಲ್ಲೂ ಇದೆ, ಅಂಚನ್ನು ಸವೆಸುವ ಕೆಲಸಕ್ಕೆ.