ಗುಡ್‌ವಿಲ್: ಕಂಪನಿ ಕೊಂಡಾಗ ಹುಟ್ಟುವ ಆಸ್ತಿ, ಆಮೇಲೆ ಯಾಕೆ ಇಳಿಯುತ್ತದೆ?

ಮಾಟುಂಗಾದಲ್ಲಿ ಎರಡು ಮೂರು ತಲೆಮಾರಿನಿಂದ ನಡೆಯುತ್ತಿರುವ ಉಡುಪಿ ಹೋಟೆಲಿನ ಹೆಸರಿಗೆ ಬೆಲೆ ಇದೆಯಾ? ಖಂಡಿತ ಇದೆ. ಭಾನುವಾರ ಬೆಳಿಗ್ಗೆ ಬಾಗಿಲ ಹೊರಗೆ ನಿಂತಿರುವ ಜನರನ್ನು ನೋಡಿದರೆ ಸಾಕು. ಆದರೆ ಆ ಹೋಟೆಲಿನ ಬ್ಯಾಲೆನ್ಸ್ ಶೀಟ್ ತೆಗೆದು ನೋಡಿದರೆ ಆ ಹೆಸರಿನ ಲೆಕ್ಕದಲ್ಲಿ ಒಂದು ರೂಪಾಯಿಯೂ ಇರುವುದಿಲ್ಲ. ತಾನೇ ದುಡಿದು ಗಳಿಸಿದ ಹೆಸರನ್ನು ಆಸ್ತಿ ಅಂತ ಬರೆದುಕೊಳ್ಳಲು ಲೆಕ್ಕದ ನಿಯಮ ಬಿಡುವುದಿಲ್ಲ. ಬೇರೆಯವರು ದುಡ್ಡು ಕೊಟ್ಟು ಇಡೀ ವ್ಯವಹಾರವನ್ನು ಕೊಂಡಾಗ ಮಾತ್ರ ಗುಡ್‌ವಿಲ್ ಹುಟ್ಟುತ್ತದೆ. ಅದೂ ಕೊಂಡವರ ಪುಸ್ತಕದಲ್ಲಿ.

ಒಂದು ಲೆಕ್ಕ ಮಾಡಿ ನೋಡೋಣ. ನಮ್ಮವರದೇ ಒಂದು ಹೋಟೆಲ್ ಕಂಪನಿ, ಮುಂಬೈಯದು, ಷೇರುಪೇಟೆಯಲ್ಲೂ ಇದೆ ಅಂದುಕೊಳ್ಳಿ. ಅದು ಪುಣೆಯಲ್ಲಿ ಇಡ್ಲಿ-ದೋಸೆ ಹಿಟ್ಟು ಪ್ಯಾಕ್ ಮಾಡಿ ಮಾರುವ ಕಂಪನಿಯನ್ನು 60 ಕೋಟಿಗೆ ಪೂರ್ತಿ ಕೊಂಡಿತು. ಈಗ ಆ 60 ಕೋಟಿಗೆ ಏನೇನು ಬಂತು ಅಂತ ಎಣಿಸಬೇಕು. ಗ್ರೈಂಡರು, ಕೋಲ್ಡ್ ಸ್ಟೋರೇಜು, ವ್ಯಾನುಗಳು ಸೇರಿ ಇವತ್ತಿನ ಬೆಲೆಯಲ್ಲಿ 18 ಕೋಟಿ. ಸರಕು ಮತ್ತು ಬರಬೇಕಾದ ಬಾಕಿಯಲ್ಲಿ ಅಕ್ಕಿ-ಉದ್ದಿನ ವ್ಯಾಪಾರಿಗಳಿಗೆ ಕೊಡಬೇಕಾದದ್ದನ್ನು ಕಳೆದರೆ 3 ಕೋಟಿ. ಬ್ಯಾಲೆನ್ಸ್ ಶೀಟಿನಲ್ಲಿ ಮೊದಲು ಇಲ್ಲದ ಎರಡು ವಸ್ತುಗಳನ್ನೂ ಈಗ ಸೇರಿಸಬೇಕು: ಪ್ಯಾಕೆಟ್ ಮೇಲಿನ ಬ್ರಾಂಡಿಗೆ 9 ಕೋಟಿ, ಸೂಪರ್‌ಮಾರ್ಕೆಟ್‌ಗಳ ಜೊತೆಗಿನ ವ್ಯವಹಾರಕ್ಕೆ 5 ಕೋಟಿ. ಒಟ್ಟು 35 ಕೋಟಿ. ತೆರಿಗೆಯ ಹೊಂದಾಣಿಕೆ ಒಂದಿದೆ, ಅದನ್ನು ಸದ್ಯಕ್ಕೆ ಬಿಡೋಣ.

ಉಳಿದ 25 ಕೋಟಿಯೇ ಗುಡ್‌ವಿಲ್.

ಅಂದರೆ ಗುಡ್‌ವಿಲ್ಲನ್ನು ಯಾರೂ ನೇರವಾಗಿ ಅಳೆಯುವುದಿಲ್ಲ. ಉಳಿದೆಲ್ಲವನ್ನೂ ಅಳೆದ ಮೇಲೆ ಕೈಯಲ್ಲಿ ಉಳಿಯುವ ಮೊತ್ತ ಅದು. ಅದರೊಳಗೆ ಹಲವು ಸಂಗತಿ ಬೆರೆತಿರುತ್ತವೆ. ಹಿಟ್ಟಿನ ಹದ ಗೊತ್ತಿರುವ ಕೆಲಸಗಾರರ ತಂಡ ಇರುತ್ತದೆ (ಜನರನ್ನು ಬೇರೆ ಆಸ್ತಿಯಾಗಿ ಬರೆಯುವಂತಿಲ್ಲ). ಮುಂಬೈ ಹೋಟೆಲುಗಳಿಗೂ ಇಲ್ಲಿಂದಲೇ ಹಿಟ್ಟು ತರಿಸಿ ಖರ್ಚು ಉಳಿಸಬಹುದು ಅನ್ನುವ ಆಸೆ ಇರುತ್ತದೆ. ಹಟಕ್ಕೆ ಬಿದ್ದು ಜಾಸ್ತಿ ಕೊಟ್ಟದ್ದೂ ಸುಮ್ನೆ ಅದರಲ್ಲೇ ಸೇರಿಹೋಗುತ್ತದೆ. ಪುಸ್ತಕ ನೋಡಿದವರಿಗೆ ಯಾವುದು ಎಷ್ಟು ಅಂತ ಗೊತ್ತಾಗುವುದಿಲ್ಲ.

ಹಟದ ಮಾತಿಗೆ ಮುಂಬೈಯಲ್ಲೇ ದೊಡ್ಡ ಉದಾಹರಣೆ ಇದೆ. ಟಾಟಾ ಸ್ಟೀಲ್ 2006ರ ಅಕ್ಟೋಬರಿನಲ್ಲಿ ಯುರೋಪಿನ ಉಕ್ಕು ಕಂಪನಿ ಕೋರಸ್‌ನ ಷೇರಿಗೆ 455 ಪೆನ್ಸ್ ಕೊಡುತ್ತೇನೆ ಅಂದಿತು. ಬ್ರೆಜಿಲ್‌ನ ಉಕ್ಕು ಕಂಪನಿ ಸಿಎಸ್‌ಎನ್ ಪೈಪೋಟಿಗೆ ಇಳಿಯಿತು. 2007ರ ಜನವರಿ ಕೊನೆಗೆ ಹರಾಜು ಮುಗಿದಾಗ ಟಾಟಾ ಸ್ಟೀಲಿನ ಬೆಲೆ 608 ಪೆನ್ಸ್, ಸಿಎಸ್‌ಎನ್‌ದು 603. ಕೋರಸ್‌ನ ಕುಲುಮೆಗಳು ಅವೇ, ಕೆಲಸಗಾರರೂ ಅವರೇ. ಬೆಲೆ ಮಾತ್ರ ಮೂರನೇ ಒಂದು ಭಾಗದಷ್ಟು ಏರಿತ್ತು. ಹೀಗೆ ಏರಿದ ದುಡ್ಡಿಗೆ ಗುಡ್‌ವಿಲ್ ಬಿಟ್ಟು ಬೇರೆ ಜಾಗ ಇರುವುದಿಲ್ಲ. ಮರುವರ್ಷವೇ ಜಗತ್ತಿನ ಆರ್ಥಿಕತೆ ಕುಸಿಯಿತು, ಯುರೋಪಿನಲ್ಲಿ ಉಕ್ಕಿನ ಬೇಡಿಕೆ ಬಿತ್ತು, ಬೇಗ ಮೇಲೇಳಲಿಲ್ಲ. 2013ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಕಂಪನಿ ಗುಡ್‌ವಿಲ್ ಮತ್ತು ಇತರ ಆಸ್ತಿಗಳ ಬೆಲೆಯನ್ನು 8,300 ಕೋಟಿ ರೂಪಾಯಿಗೂ ಹೆಚ್ಚು ಇಳಿಸಿತು. ಅದರ ದೊಡ್ಡ ಪಾಲು ಯುರೋಪಿನದೇ.

ಪುಣೆಯ ಹಿಟ್ಟಿಗೆ ವಾಪಸ್ ಬರೋಣ. ಇಂಡ್ ಎಎಸ್ ಅನ್ನುವ ಭಾರತದ ಲೆಕ್ಕದ ನಿಯಮ ಪಾಲಿಸುವ ಕಂಪನಿಗಳಲ್ಲಿ ಗುಡ್‌ವಿಲ್ಲಿಗೆ ಯಂತ್ರದ ಹಾಗೆ ವರ್ಷವರ್ಷ ಸವಕಳಿ ಇಲ್ಲ. ಬದಲಿಗೆ ವರ್ಷಕ್ಕೆ ಒಂದು ಸಲವಾದರೂ ಪರೀಕ್ಷೆ ಮಾಡಬೇಕು. ಇದಕ್ಕೆ ಇಂಪೇರ್‌ಮೆಂಟ್ ಟೆಸ್ಟ್ ಅನ್ನುತ್ತಾರೆ. ಮೂರು ವರ್ಷ ಕಳೆದಿದೆ ಅಂದುಕೊಳ್ಳಿ. 35 ಕೋಟಿಯ ಆಸ್ತಿ ಸವಕಳಿಯಾಗಿ 30 ಆಗಿದೆ. ಗುಡ್‌ವಿಲ್ 25 ಹಾಗೇ ಇದೆ. ಒಟ್ಟು ಪುಸ್ತಕದ ಬೆಲೆ 55 ಕೋಟಿ. ಈ ನಡುವೆ ಒಂದು ದೊಡ್ಡ ಸೂಪರ್‌ಮಾರ್ಕೆಟ್ ತನ್ನದೇ ಹಿಟ್ಟು ಮಾರಲು ಶುರು ಮಾಡಿದೆ, ಇವರ ಪ್ಯಾಕೆಟ್ ಕೆಳಗಿನ ಸಾಲಿಗೆ ಹೋಗಿದೆ.

ಈಗಿನ ಪ್ರಶ್ನೆ, ಈ ಘಟಕದಿಂದ ಇನ್ನು 55 ಕೋಟಿ ಹುಟ್ಟುತ್ತದೆಯೇ? ಮುಂದಿನ ವರ್ಷ 4.5 ಕೋಟಿ ನಗದು ಬರುತ್ತದೆ, ಆಮೇಲೆ ವರ್ಷಕ್ಕೆ 4% ಏರುತ್ತದೆ ಅಂತ ಅಂದಾಜು. ನಾಳೆಯ ರೂಪಾಯಿಯನ್ನು ಇವತ್ತಿನ ಬೆಲೆಗೆ ಇಳಿಸಲು 14% ದರ ಹಿಡಿಯುತ್ತಾರೆ. ನಿಜವಾಗಿ ಮೊದಲ ಐದು ವರ್ಷದ ಅಂದಾಜನ್ನು ಬೇರೆ ಬೇರೆ ಹಾಕುವುದು ರೂಢಿ. ನಮಗೆ ಚಿಕ್ಕ ಲೆಕ್ಕ ಸಾಕು: 14ರಲ್ಲಿ 4 ಕಳೆದರೆ 10%. 4.5 ಕೋಟಿಯನ್ನು ಅದರಿಂದ ಭಾಗಿಸಿದರೆ 45 ಕೋಟಿ. ಈಗಲೇ ಮಾರಿದರೆ ಖರ್ಚು ಕಳೆದು 42 ಸಿಗಬಹುದು. ಎರಡರಲ್ಲಿ ದೊಡ್ಡದನ್ನು ಹಿಡಿಯಬೇಕು, ಅಂದರೆ 45. ಪುಸ್ತಕದಲ್ಲಿ 55 ಇದೆ. 10 ಕೋಟಿ ಇಳಿಸಲೇಬೇಕು. ಇಳಿಕೆ ಮೊದಲು ಗುಡ್‌ವಿಲ್ಲಿಗೇ ತಗಲುತ್ತದೆ, ಅದು 15 ಆಗುತ್ತದೆ. ಆ 10 ಕೋಟಿ ಆ ವರ್ಷದ ನಷ್ಟವಾಗಿ ಕಾಣುತ್ತದೆ.

ಇಲ್ಲೇ ಮಾಲೀಕರು ಗಾಬರಿಯಾಗುವುದು. "ಈಗ 10 ಕೋಟಿ ಎಲ್ಲಿಗೆ ಹೋಯ್ತು ಮಾರಾಯ್ರೆ?" ಅಂತ ಅಕೌಂಟೆಂಟನ್ನು ಕೇಳಿದರೆ, "ಈಗ ಎಲ್ಲಿಗೂ ಹೋಗಿಲ್ಲ ಅಣ್ಣಾ, ಮೂರು ವರ್ಷದ ಹಿಂದೆ ಚೆಕ್ ಕೊಟ್ಟಾಗಲೇ ಹೋಗಿದೆ" ಅನ್ನುವುದೇ ಸರಿಯಾದ ಉತ್ತರ. ಈ ವರ್ಷ ಬ್ಯಾಂಕಿನಿಂದ ಒಂದು ಪೈಸೆಯೂ ಹೊರಗೆ ಹೋಗುವುದಿಲ್ಲ. ಅದಕ್ಕೇ ಎಷ್ಟೋ ಕಂಪನಿಗಳು "ಇದು ನಗದು ಖರ್ಚಲ್ಲ" ಅಂತ ಜೋರಾಗಿ ಹೇಳುತ್ತವೆ. ಮಾತು ನಿಜ, ಆದರೆ ಅರ್ಧ ನಿಜ. ಷೇರುದಾರರ ದುಡ್ಡು ಹೋಗಿರುವುದಂತೂ ಹೌದಲ್ವಾ.

ಇನ್ನು ಆ ದರಗಳ ಕಡೆ ನೋಡಿ. 14ರ ಬದಲು 13, 4ರ ಬದಲು 5 ಅಂತ ಹಾಕಿ. ವ್ಯತ್ಯಾಸ 8% ಆಗುತ್ತದೆ, ಬೆಲೆ 56.25 ಕೋಟಿಗೆ ಏರುತ್ತದೆ, ನಷ್ಟವೇ ಮಾಯ! ಹಿಟ್ಟು ಒಂದು ಪ್ಯಾಕೆಟ್ಟೂ ಜಾಸ್ತಿ ಮಾರಿಲ್ಲ. ನನ್ನ ಅನಿಸಿಕೆಯಲ್ಲಿ ಗುಡ್‌ವಿಲ್ ಇಳಿಕೆ ತಡವಾಗಿ ಬರುವುದಕ್ಕೆ ಮುಖ್ಯ ಕಾರಣ ಇದೇ. ಅಂದಾಜು ಹಾಕುವವರು ಕೊಂಡವರೇ. ತಾವು ಜಾಸ್ತಿ ಕೊಟ್ಟೆವು ಅಂತ ಒಪ್ಪಿಕೊಳ್ಳಲು ಅವರಿಗೆ ಅವಸರ ಇರುವುದಿಲ್ಲ. ಎಷ್ಟೋ ಸಲ ಹೊಸ ಸಿಇಒ ಬಂದ ವರ್ಷವೇ ದೊಡ್ಡ ಇಳಿಕೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ಮರೆಯೂ ಇದೆ. ಪರೀಕ್ಷೆಯನ್ನು ಪುಣೆಯ ಘಟಕಕ್ಕೆ ಮಾತ್ರ ಮಾಡದೆ, ಅದನ್ನು ಮುಂಬೈ ಹೋಟೆಲುಗಳ ಜೊತೆ ಒಂದೇ ಗುಂಪಾಗಿ ನೋಡಿದರೆ ಏನಾಗುತ್ತದೆ? ಹೋಟೆಲುಗಳ ನಿಜವಾದ ಬೆಲೆ ಪುಸ್ತಕದ ಬೆಲೆಗಿಂತ ಎಷ್ಟೋ ಪಾಲು ಜಾಸ್ತಿ. ಯಾಕೆಂದರೆ ಅವುಗಳ ಸ್ವಂತ ಹೆಸರು ಪುಸ್ತಕದಲ್ಲೇ ಇಲ್ಲ. ಆ ಹೆಚ್ಚುವರಿ ಬೆಲೆಯ ಹಿಂದೆ ಹಿಟ್ಟಿನ ನಷ್ಟ ಅಡಗಿ ಕೂರುತ್ತದೆ, ಪರೀಕ್ಷೆ ಪಾಸಾಗುತ್ತದೆ. ಗುಂಪು ಎಷ್ಟು ದೊಡ್ಡದಿರಬಹುದು ಅನ್ನುವುದಕ್ಕೆ ನಿಯಮದಲ್ಲಿ ಮಿತಿ ಇದೆ. ಆದರೂ ಅದರೊಳಗೆ ಆಡಲು ಸಾಕಷ್ಟು ಜಾಗ ಉಳಿಯುತ್ತದೆ.

ಒಮ್ಮೆ ಇಳಿಸಿದ ಗುಡ್‌ವಿಲ್ಲನ್ನು ಮತ್ತೆ ಏರಿಸುವ ಹಾಗಿಲ್ಲ, ಪುಣೆಯಲ್ಲಿ ಮುಂದೆ ವ್ಯಾಪಾರ ಎಷ್ಟೇ ಚೆನ್ನಾಗಿ ನಡೆದರೂ. ತೆರಿಗೆಯಲ್ಲೂ ನೆಮ್ಮದಿ ಇಲ್ಲ: 2021ರ ಹಣಕಾಸು ಕಾಯ್ದೆ ಬಂದ ಮೇಲೆ ಗುಡ್‌ವಿಲ್ ಮೇಲೆ ಸವಕಳಿ ಕೇಳುವಂತಿಲ್ಲ.

ಷೇರು ಇಟ್ಟುಕೊಂಡಿರುವವರು ವಾರ್ಷಿಕ ವರದಿಯಲ್ಲಿ ಗುಂಪಿನ ಒಟ್ಟು ಲೆಕ್ಕಪತ್ರಕ್ಕೆ ಹೋಗಿ ಗುಡ್‌ವಿಲ್ ಟಿಪ್ಪಣಿ ತೆಗೆಯಿರಿ. ಯಾವ ಘಟಕಕ್ಕೆ ಎಷ್ಟು ಗುಡ್‌ವಿಲ್, ಯಾವ ದರ, ಎಷ್ಟು ಬೆಳವಣಿಗೆ ಅಂತ ಅಲ್ಲಿ ಬರೆದಿರುತ್ತದೆ. ಹಿಂದಿನ ವರ್ಷದ ವರದಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ವ್ಯಾಪಾರ ಇಳಿದಿದ್ದರೂ ಬೆಳವಣಿಗೆಯ ಅಂದಾಜು ಏರಿದ್ದರೆ, ಅಥವಾ ಬಡ್ಡಿ ದರ ಏರಿದ ವರ್ಷದಲ್ಲಿ ಇವರ ದರ ಮಾತ್ರ ಇಳಿದಿದ್ದರೆ, ಯಾಕೆ ಅಂತ ವಾರ್ಷಿಕ ಸಭೆಯಲ್ಲಿ ಕೇಳಬಹುದು.