ಕದಲದ ಕ್ಯಾಮೆರಾದಿಂದ ಕ್ಲೋಸಪ್: ಎಷ್ಟು ಹತ್ತಿರ ಹೋಗಬಹುದು?

ಹಿರಿಯ ಮದ್ದಳೆ ವಾದಕರೊಬ್ಬರು ತಮ್ಮ ಮನೆಯ ಚಾವಡಿಯಲ್ಲಿ ಕುಳಿತು ಸಂದರ್ಶನ ಕೊಡುತ್ತಿದ್ದಾರೆ ಎಂದುಕೊಳ್ಳೋಣ. ಕ್ಯಾಮೆರಾ ಒಂದೇ, ಅದು ಟ್ರೈಪಾಡಿನ ಮೇಲೆ ಕದಲದೆ ನಿಂತಿದೆ, ಚೌಕಟ್ಟಿನಲ್ಲಿ ಅವರು ಸೊಂಟದವರೆಗೆ ಕಾಣುತ್ತಾರೆ. ಮಾತು ತಮ್ಮ ಗುರುಗಳ ಕೊನೆಯ ದಿನಗಳತ್ತ ಹೊರಳಿದಾಗ ಅವರ ದನಿ ತಗ್ಗುತ್ತದೆ. ಆ 12 ಸೆಕೆಂಡುಗಳಲ್ಲಿ ನಿಧಾನವಾಗಿ ಮುಖದ ಹತ್ತಿರಕ್ಕೆ ಸರಿಯಬೇಕೆಂದು ಸಂಕಲನಕಾರರಿಗೆ ಅನ್ನಿಸುತ್ತದೆ. ಆದರೆ ಕ್ಲೋಸಪ್ ಅನ್ನು ಬೇರೆಯಾಗಿ ಚಿತ್ರೀಕರಿಸಿಲ್ಲ, ಮತ್ತೊಮ್ಮೆ ಕೇಳಿದರೆ ಆ ದನಿ ಮರಳಿ ಬರುವುದೂ ಇಲ್ಲ.

ಚಿತ್ರೀಕರಣ 4ಕೆ ಗಾತ್ರದಲ್ಲಿ, ಅಂದರೆ ಅಡ್ಡಕ್ಕೆ 3840 ಮತ್ತು ಉದ್ದಕ್ಕೆ 2160 ಪಿಕ್ಸೆಲ್‌ಗಳಲ್ಲಿ ಆಗಿದ್ದು, ಕಾರ್ಯಕ್ರಮ ಹೊರಹೋಗುವುದು 1920 × 1080ರ ಎಚ್‌ಡಿಯಲ್ಲಾದರೆ, ಈ ಆಸೆಗೆ ದಾರಿಯಿದೆ. ಇಡೀ ಚೌಕಟ್ಟನ್ನು ತೋರಿಸುವಾಗ ಮೂಲದ ನಾಲ್ಕು ಪಿಕ್ಸೆಲ್‌ಗಳು ಸೇರಿ ತೆರೆಯ ಒಂದು ಪಿಕ್ಸೆಲ್ ಆಗುತ್ತವೆ. ಆದ್ದರಿಂದ ಚಿತ್ರವನ್ನು ಎರಡು ಪಟ್ಟು ಹಿಗ್ಗಿಸಿದರೂ ತೆರೆಯ ಪ್ರತಿ ಪಿಕ್ಸೆಲ್‌ಗೆ ಮೂಲದಲ್ಲಿ ಒಂದು ಪಿಕ್ಸೆಲ್ ಇದ್ದೇ ಇರುತ್ತದೆ. ಲೆಕ್ಕ ಸರಿ, ಆದರೆ ಎರಡು ಪಟ್ಟಿನ ಕೊನೆಯವರೆಗೂ ಹೋಗಿ ನೋಡಿದರೆ ಮುಖ ಮೆತ್ತಗಾಗಿರುತ್ತದೆ.

ಇದಕ್ಕೆ ಕಾರಣ ಕ್ಯಾಮೆರಾದ ಸಂವೇದಕದಲ್ಲಿದೆ. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ದೊರೆತ ವಿನ್ಯಾಸವನ್ನೇ ಇಂದಿನ ಬಹುತೇಕ ಕ್ಯಾಮೆರಾಗಳು ಬಳಸುತ್ತವೆ. ಅದರಲ್ಲಿ ಒಂದೊಂದು ಬೆಳಕಿನ ಕಣ್ಣಿನ ಮೇಲೂ ಒಂದೇ ಬಣ್ಣದ ಸೋಸುಗವಿರುತ್ತದೆ: ಅರ್ಧದಷ್ಟು ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ಕಾಣೆಯಾದ ಎರಡು ಬಣ್ಣಗಳನ್ನು ಅಕ್ಕಪಕ್ಕದವುಗಳಿಂದ ಅಂದಾಜಿಸಿ ತುಂಬಲಾಗುತ್ತದೆ. ಹೀಗಾಗಿ 3840 ಕಣ್ಣುಗಳ ಸಂವೇದಕದಿಂದ ನಿಜವಾಗಿ ದಕ್ಕುವ ಸೂಕ್ಷ್ಮ ವಿವರ ಅದರ ಸುಮಾರು ಮುಕ್ಕಾಲು ಭಾಗದಷ್ಟು ಎಂಬುದು ರೂಢಿಯ ಅಂದಾಜು. ಚಿತ್ರವನ್ನು ಒಂದೂವರೆ ಪಟ್ಟು ಹಿಗ್ಗಿಸಿದಾಗ ನಾವು ಬಳಸುವುದು ಮೂಲದ 2560 ಪಿಕ್ಸೆಲ್ ಅಗಲದ ತುಂಡನ್ನು. ಅದರ ಮುಕ್ಕಾಲು ಭಾಗವೆಂದರೆ 1920. ಅಂದರೆ ಎಚ್‌ಡಿ ತೆರೆಯನ್ನು ಪ್ರಾಮಾಣಿಕವಾಗಿ ತುಂಬುವ ವಿವರ ಮುಗಿಯುವುದು ಒಂದೂವರೆ ಪಟ್ಟಿನಲ್ಲಿ, ಎರಡರಲ್ಲಲ್ಲ. ಆರು ಸಾವಿರ ಪಿಕ್ಸೆಲ್ ಅಗಲದ ಸಂವೇದಕದಿಂದ ಓದಿ, ಅದನ್ನು 4ಕೆಗೆ ಇಳಿಸಿ ಕೊಡುವ ಕ್ಯಾಮೆರಾ ಇದ್ದರೆ ಇನ್ನೂ ಸ್ವಲ್ಪ ಮುಂದೆ ಹೋಗಬಹುದು.

ಬಣ್ಣದ ವಿಷಯದಲ್ಲಿ ಜಿಪುಣತನ ಇನ್ನೂ ಹೆಚ್ಚು. ಸಾಮಾನ್ಯ ಕ್ಯಾಮೆರಾಗಳು 4:2:0 ಎಂಬ ಕ್ರಮದಲ್ಲಿ ಪ್ರತಿ ನಾಲ್ಕು ಪಿಕ್ಸೆಲ್‌ಗೆ ಬಣ್ಣದ ಒಂದೇ ಮಾದರಿಯನ್ನು ದಾಖಲಿಸುತ್ತವೆ. ಪೂರ್ಣ ಚೌಕಟ್ಟನ್ನು ಎಚ್‌ಡಿಗೆ ಇಳಿಸಿದಾಗ ಇದು ಗೊತ್ತಾಗುವುದೇ ಇಲ್ಲ, ಏಕೆಂದರೆ ಆ ನಾಲ್ಕೂ ಸೇರಿ ಒಂದಾಗಿರುತ್ತವೆ. ಹಿಗ್ಗಿಸುತ್ತ ಹೋದಂತೆ ಹಣೆಯ ಕುಂಕುಮದ ಅಂಚು, ಶಾಲಿನ ಕೆಂಪು ಅಂಚು ಚರ್ಮದೊಳಕ್ಕೆ ಹರಡಿದಂತೆ ಕಾಣಲಾರಂಭಿಸುತ್ತದೆ. ನಾಯ್ಸ್ ಕೂಡ ಹೀಗೆಯೇ: ನಾಲ್ಕು ಪಿಕ್ಸೆಲ್‌ಗಳ ಸರಾಸರಿ ತೆಗೆದಾಗ ಅಡ್ಡಾದಿಡ್ಡಿ ಚುಕ್ಕೆಗಳ ತೀವ್ರತೆ ಸುಮಾರು ಅರ್ಧಕ್ಕೆ ಇಳಿದಿರುತ್ತದೆ, ಹತ್ತಿರ ಸರಿದಂತೆ ಆ ರಕ್ಷಣೆ ಕರಗುತ್ತದೆ. ಚಾವಡಿಯ ಮಬ್ಬು ಬೆಳಕಿನಲ್ಲಿ ಐಎಸ್‌ಒ ಏರಿಸಿ ತೆಗೆದ ಶಾಟ್ ಆಗಿದ್ದರೆ, ಮುಖ ಹತ್ತಿರವಾಗುತ್ತಿದ್ದಂತೆ ಹಿಂದಿನ ಗೋಡೆಯಲ್ಲಿ ಇರುವೆ ಹರಿದಂತಾಗುವುದನ್ನು ನೋಡಬಹುದು.

ಒಂದೂವರೆ ಪಟ್ಟನ್ನೇ ಮಿತಿಯೆಂದು ಒಪ್ಪಿ ಮುಂದುವರಿಯೋಣ. ಮೊದಲ ಬಲೆ ಸಾಫ್ಟ್‌ವೇರಿನಲ್ಲಿದೆ. ಅಡೋಬಿ ಪ್ರೀಮಿಯರ್‌ನಲ್ಲಿ ದೊಡ್ಡ ಚಿತ್ರವನ್ನು ಎಚ್‌ಡಿ ಟೈಮ್‌ಲೈನಿಗೆ ಹೊಂದಿಸುವಾಗ Scale to Frame Size ಆಯ್ದುಕೊಂಡರೆ, ಅದು ಚಿತ್ರವನ್ನು ಮೊದಲೇ ಎಚ್‌ಡಿಗೆ ಕುಗ್ಗಿಸಿಬಿಡುತ್ತದೆ. ಆಮೇಲೆ ಹಿಗ್ಗಿಸಿದರೆ ಹಿಗ್ಗುವುದು ಕುಗ್ಗಿದ ಚಿತ್ರವೇ. 4ಕೆ ತೆಗೆದ ಶ್ರಮವೆಲ್ಲ ವ್ಯರ್ಥ. ಗುರುತಿಸುವುದು ಸುಲಭ: ಪೂರ್ಣ ಚೌಕಟ್ಟು ಕಾಣುತ್ತಿರುವಾಗ Scale ಎದುರು 100 ಎಂದಿದ್ದರೆ ತಪ್ಪಾಗಿದೆ, 50 ಎಂದಿದ್ದರೆ ಮೂಲದ ಪಿಕ್ಸೆಲ್‌ಗಳು ಉಳಿದಿವೆ. ಡವಿಂಚಿ ರಿಸಾಲ್ವ್‌ನಲ್ಲಿ ಈ ಗುರುತು ನಡೆಯುವುದಿಲ್ಲ. ಅಲ್ಲಿ ಚೌಕಟ್ಟಿಗೆ ಹೊಂದಿಸಿದ ಸ್ಥಿತಿಯಲ್ಲಿ Zoom 1.000 ಎಂದೇ ತೋರಿದರೂ ಹಿಗ್ಗಿಸುವಾಗ ಮೂಲದಿಂದಲೇ ಓದಲಾಗುತ್ತದೆ.

ಇನ್ನು ಚಲನೆ. ಹೆಚ್ಚಿನವರು ಗಾತ್ರಕ್ಕೊಂದು, ಸ್ಥಾನಕ್ಕೊಂದು ಎಂದು ಎರಡು ಜೋಡಿ ಕೀಫ್ರೇಮ್, ಅಂದರೆ ಚಲನೆಯ ಆರಂಭ ಮತ್ತು ಕೊನೆಯ ಅಳತೆಯ ಗುರುತುಗಳನ್ನು ಹಾಕುತ್ತಾರೆ. ಎರಡರ ವೇಗದ ಏರಿಳಿತ ಕೂದಲೆಳೆಯಷ್ಟು ಬೇರೆಯಾದರೂ ಮುಖ ನೇರವಾಗಿ ಹತ್ತಿರ ಬರದೆ, ನೀರಿನ ಮೇಲೆ ತೇಲಿದಂತೆ ಬಾಗಿ ಸರಿಯುತ್ತದೆ. ಮೊದಲ ಮತ್ತು ಕೊನೆಯ ಚೌಕಟ್ಟುಗಳ ನಡುವೆ ಕದಲದೆ ಉಳಿಯುವ ಒಂದು ಬಿಂದುವನ್ನು ಕಂಡುಕೊಂಡು, ಅದನ್ನೇ ಆಧಾರಬಿಂದುವಾಗಿಸಿ ಗಾತ್ರವೊಂದನ್ನೇ ಬದಲಿಸುವುದು ನನ್ನ ಮಟ್ಟಿಗೆ ಹೆಚ್ಚು ಸರಿಯಾದ ಕ್ರಮ.

ನಮ್ಮ ವಾದಕರ ಕಣ್ಣುಗಳು ಮೂಲಚಿತ್ರದಲ್ಲಿ ಎಡದಿಂದ 1500, ಮೇಲಿನಿಂದ 800ನೇ ಪಿಕ್ಸೆಲ್‌ನಲ್ಲಿವೆ; ಎಚ್‌ಡಿ ತೆರೆಯಲ್ಲಿ ಅದು 750 ಮತ್ತು 400. ಕ್ಲೋಸಪ್ ಆದಾಗ ಕಣ್ಣುಗಳು ತೆರೆಯ ಮೇಲಿನ ಮೂರನೇ ಒಂದು ಭಾಗದ ಗೆರೆಗೆ, ಅಂದರೆ 360ಕ್ಕೆ ಬಂದರೆ ಒಪ್ಪವಾಗಿರುತ್ತದೆ. ಒಂದೂವರೆ ಪಟ್ಟು ಹಿಗ್ಗುವಾಗ ಕಣ್ಣು 40 ಪಿಕ್ಸೆಲ್ ಮೇಲೇರಬೇಕೆಂದರೆ ಕದಲದ ಬಿಂದು ಅದಕ್ಕಿಂತ 80 ಪಿಕ್ಸೆಲ್ ಕೆಳಗಿರಬೇಕು, ಏಕೆಂದರೆ ಆ 80ರ ಅಂತರ ಹಿಗ್ಗಿ 120 ಆಗುತ್ತದೆ. ಆ ಬಿಂದು ತೆರೆಯಲ್ಲಿ 480, ಮೂಲದಲ್ಲಿ 960. ಹೆಚ್ಚುಕಡಿಮೆ ಮೂಗಿನ ಕೆಳಭಾಗ. ಪ್ರೀಮಿಯರ್‌ನಲ್ಲಿ ಬರೆಯುವುದಿಷ್ಟೇ:

```
Anchor Point  1500  960
Position       750  480
Scale           50 → 75
```

ಕೀಫ್ರೇಮ್ ಇರುವುದು ಕೊನೆಯ ಸಾಲಿಗೆ ಮಾತ್ರ. ಸೆಕೆಂಡಿಗೆ 25 ಚೌಕಟ್ಟುಗಳಂತೆ 12 ಸೆಕೆಂಡಿಗೆ 300 ಚೌಕಟ್ಟುಗಳಾಗುತ್ತವೆ. ಒಂದೊಂದರಲ್ಲೂ ಚಿತ್ರ ಹಿಗ್ಗುವುದು ಶೇಕಡಾ 0.2ಕ್ಕಿಂತ ಕಡಿಮೆ. ಆಧಾರಬಿಂದುವಿಗೆ ಹತ್ತಿರವಿರುವ ಕಣ್ಣಂತೂ 300 ಚೌಕಟ್ಟುಗಳಲ್ಲಿ 40 ಪಿಕ್ಸೆಲ್ ಮಾತ್ರ ಸರಿಯುತ್ತದೆ, ಅಂದರೆ ಪ್ರತಿ ಚೌಕಟ್ಟಿಗೆ ಪಿಕ್ಸೆಲ್‌ನ ಏಳನೆಯ ಒಂದು ಭಾಗದಷ್ಟು. ಪಿಕ್ಸೆಲ್‌ನ ಇಂಥ ಭಿನ್ನರಾಶಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಪೂರ್ಣಾಂಕಕ್ಕೆ ದುಂಡಾಗಿಸುವ ಅಗ್ಗದ ಆ್ಯಪ್‌ಗಳಲ್ಲಿ ರೆಪ್ಪೆಗಳು ಏಳು ಚೌಕಟ್ಟು ನಿಂತು ಒಮ್ಮೆ ಜಿಗಿಯುತ್ತವೆ. ನಿಧಾನದ ಚಲನೆ ನಡುಗುವುದು ಇದರಿಂದ. ಚಲನೆ ಶುರುವಾಗುವ ಕ್ಷಣ ಕಾಣಿಸಬಾರದೆಂದಿದ್ದರೆ ಆರಂಭವನ್ನು ಮೃದುವಾಗಿಸಬೇಕು, ಅಥವಾ ಚಲನೆ ಆಗಲೇ ನಡೆಯುತ್ತಿರುವಾಗ ಈ ಶಾಟಿಗೆ ಕತ್ತರಿಸಿ ಬರಬೇಕು.

ಇಷ್ಟೆಲ್ಲ ಮಾಡಿದರೂ ಇದು ಟ್ರಾಲಿಯ ಮೇಲೆ ಕ್ಯಾಮೆರಾ ಮುಂದೆ ಸರಿದಂತಾಗುವುದಿಲ್ಲ. ಟ್ರಾಲಿ ಸರಿದರೆ ಮುಖ ಬೇಗ ದೊಡ್ಡದಾಗುತ್ತದೆ, ದೂರದ ಗೋಡೆ ನಿಧಾನವಾಗಿ ದೊಡ್ಡದಾಗುತ್ತದೆ, ಹಿಂದೆ ತೂಗುಹಾಕಿದ ಮದ್ದಳೆ ಮೆಲ್ಲನೆ ಭುಜದ ಮರೆಗೆ ಸೇರುತ್ತದೆ. ಇಲ್ಲಿ ಮುಖ, ಗೋಡೆ, ಮದ್ದಳೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ; ಭುಜ ಯಾವುದನ್ನೂ ಮುಚ್ಚುವುದಿಲ್ಲ. ಹಿನ್ನೆಲೆ ಸರಳವಾಗಿ, ಮಸುಕಾಗಿ ಇದ್ದರೆ ಈ ವ್ಯತ್ಯಾಸ ನೋಡುಗರಿಗೆ ಹೊಳೆಯುವುದಿಲ್ಲ. ಕಂಬಸಾಲು, ಕಿಟಕಿಯ ಸರಳುಗಳು ಹಿಂದಿದ್ದರೆ ಛಾಯಾಚಿತ್ರವೊಂದನ್ನು ಹಿಗ್ಗಿಸಿದಂತೆ ಚಪ್ಪಟೆಯಾಗಿ ಕಾಣುತ್ತದೆ.

ಕೊನೆಯ ತೊಡಕನ್ನು ಎಡಿಟಿಂಗಿನಲ್ಲಿ ಸರಿಪಡಿಸಲಾಗದು. ಫೋಕಸ್ ಕಣ್ಣಿನ ಬದಲು ಕಿವಿಯ ಮೇಲೆ ಕೂತಿದ್ದರೆ, ಸೊಂಟದವರೆಗಿನ ಚೌಕಟ್ಟಿನಲ್ಲಿ ಅದು ಯಾರ ಕಣ್ಣಿಗೂ ಬೀಳದು. ಆದರೆ ಆ ಮಸುಕೂ ಒಂದೂವರೆ ಪಟ್ಟು ಹಿಗ್ಗುತ್ತದೆ. ಹಾಗಾಗಿ ಚಲನೆಯನ್ನು ಜೋಡಿಸುವ ಮೊದಲೇ Scale ಅನ್ನು 75ಕ್ಕೆ ಇಟ್ಟು, ಎಡಿಟಿಂಗ್ ಹಗುರಾಗಲೆಂದು ಬಳಸುವ ಚಿಕ್ಕ ಪ್ರತಿಯಾದ ಪ್ರಾಕ್ಸಿಯನ್ನು ಬಂದ್ ಮಾಡಿ, ಅವರು ತಲೆಯಾಡಿಸದೆ ಕುಳಿತ ಒಂದು ಚೌಕಟ್ಟಿನಲ್ಲಿ ರೆಪ್ಪೆಗೂದಲು ಬಿಡಿಬಿಡಿಯಾಗಿ ಕಾಣುತ್ತದೆಯೇ ಎಂದು ನೋಡಬೇಕು. ಕಾಣದಿದ್ದರೆ 60ಕ್ಕೆ ನಿಲ್ಲಿಸಬೇಕು. ದನಿ ತಗ್ಗಿದ ಆ ಮಾತಿಗೆ ಅಷ್ಟು ಹತ್ತಿರ ಸರಿದರೂ ಸಾಕಾಗುತ್ತದೆ.