ಒಂದೇ ಹೆಸರು ಮೂರು ಬಾರಿ: ಫೋನ್ ಬುಕ್ ಸರಿಪಡಿಸುವುದು ಹೇಗೆ?

ಓದುಗರ ಪ್ರಶ್ನೆ: ನನ್ನ ಆಂಡ್ರಾಯ್ಡ್ ಮೊಬೈಲಿನಲ್ಲಿ ಅರ್ಧದಷ್ಟು ಹೆಸರುಗಳು ಎರಡು ಮೂರು ಬಾರಿ ಕಾಣುತ್ತವೆ. ಇವನ್ನು ಒಂದುಗೂಡಿಸಲು ಯಾವ ಆ್ಯಪ್ ಹಾಕಿಕೊಳ್ಳಲಿ?

ಉತ್ತರ: ಹೊಸ ಆ್ಯಪ್ ಬೇಡ. ಗೂಗಲ್‌ನ Contacts ಆ್ಯಪ್ ಸಾಕು. ‘ಕ್ಲೀನರ್’ ಎಂಬ ಹೆಸರಿನಲ್ಲಿ ಸಿಗುವ ಅಪರಿಚಿತ ಆ್ಯಪ್‌ಗೆ ಅನುಮತಿ ಕೊಟ್ಟರೆ ನಿಮ್ಮ ಬಂಧುಬಳಗದ ಎಲ್ಲರ ನಂಬರನ್ನೂ, ಅವರನ್ನು ಕೇಳದೆಯೇ, ಯಾರದೋ ಕೈಗಿಟ್ಟಂತೆ.

ಗೊಂದಲದ ಮೂಲ ಬೇರೆಡೆ ಇದೆ. ನೀವು ಒಂದೇ ಪಟ್ಟಿ ಎಂದುಕೊಂಡಿರುವುದು ಸಿಮ್, ಫೋನಿನ ಮೆಮೊರಿ ಮತ್ತು ಗೂಗಲ್ ಖಾತೆ ಎಂಬ ಮೂರು ಪಟ್ಟಿಗಳು. ‘ಮಂಜುನಾಥ್’ ಮೂರರಲ್ಲೂ ಇದ್ದರೆ ಪರದೆಯ ಮೇಲೆ ಮೂವರು ಮಂಜುನಾಥರು. ಆದರೆ ನಕಲು ಹೆಸರುಗಳನ್ನು ಕೂಡಿಸಲು ಆ ಆ್ಯಪ್‌ನಲ್ಲಿರುವ Merge & fix ನೋಡುವುದು ಗೂಗಲ್ ಖಾತೆಯ ಪಟ್ಟಿಯನ್ನು ಮಾತ್ರ. ಅದನ್ನು ಒತ್ತಿದರೂ ಏನೂ ಬದಲಾಗಲಿಲ್ಲ ಎಂದು ಹಲವರು ಗೊಣಗುವುದು ಇದಕ್ಕೇ.

ಆದ್ದರಿಂದ ಮೊದಲ ಕೆಲಸ ಬ್ಯಾಕಪ್. ಆ್ಯಪ್‌ನಲ್ಲಿ Organise ತೆರೆದು Export to file ಒತ್ತಿ, ಅಲ್ಲಿ ಕಾಣುವ ಎಲ್ಲ ಪಟ್ಟಿಗಳನ್ನೂ ಆರಿಸಿ. .vcf ಎಂದು ಕೊನೆಗೊಳ್ಳುವ ಕಡತವೊಂದು ಸಿಗುತ್ತದೆ. ಅದನ್ನು ನಿಮಗೇ ಇಮೇಲ್ ಮಾಡಿಕೊಳ್ಳಿ, ಫೋನಿನಲ್ಲಷ್ಟೇ ಇಟ್ಟರೆ ಫೋನಿನ ಜೊತೆಗೇ ಹೋಗುತ್ತದೆ. ಆಮೇಲೆ ಸಿಮ್ ಮತ್ತು ಫೋನಿನಲ್ಲಿರುವ ಹೆಸರುಗಳನ್ನು ಗೂಗಲ್ ಖಾತೆಗೆ ತನ್ನಿ. ಸಿಮ್‌ನಿಂದ ತಂದದ್ದು ನಕಲು ಮಾತ್ರ, ಮೂಲ ಅಲ್ಲೇ ಉಳಿಯುತ್ತದೆ; ಹೀಗಾಗಿ ಪಟ್ಟಿಯನ್ನು ನೋಡುವಾಗ ಗೂಗಲ್ ಖಾತೆಯೊಂದನ್ನೇ ಆರಿಸಿಕೊಳ್ಳಿ.

ಈಗ Merge & fix. ಇಲ್ಲಿ Merge all ಎಂಬ ಗುಂಡಿ ಬಲು ಆಕರ್ಷಕ, ಆದರೆ ಅದನ್ನು ಒತ್ತುವ ಮೊದಲು ಸಲಹೆಗಳನ್ನು ಒಂದೊಂದಾಗಿ ನೋಡಿ. ಒಬ್ಬ ಮಂಜುನಾಥ್ ನಿಮ್ಮ ಭಾವ, ಇನ್ನೊಬ್ಬ ಪ್ಲಂಬರ್ ಆಗಿರಬಹುದು. ಹೆಸರು ಒಂದೇ ಎಂದು ಕೂಡಿಸಿಬಿಟ್ಟರೆ ಒಂದೇ ಹೆಸರಿನಡಿ ಎರಡು ನಂಬರ್ ಕುಳಿತು, ನಲ್ಲಿ ಸೋರುತ್ತಿದೆ ಎಂದು ಭಾವನಿಗೆ ಹೇಳಬೇಕಾಗುತ್ತದೆ. ನಂಬರ್ ಒಂದೇ ಇದ್ದರೆ ಸಾಮಾನ್ಯವಾಗಿ ಕೂಡಿಸಬಹುದು. ಒಂದು ಮನೆಯ ಹಲವರು ಹಂಚಿಕೊಂಡ ಸ್ಥಿರ ದೂರವಾಣಿ ಮಾತ್ರ ಇದಕ್ಕೆ ಅಪವಾದ. ಅದೇ ಪ್ಲಂಬರ್ ಹೆಸರನ್ನು ಒಂದೆಡೆ ‘ಮಂಜುನಾಥ್’ ಎಂದೂ ಇನ್ನೊಂದೆಡೆ ‘ಮಂಜು ಪೈಪ್’ ಎಂದೂ ಬರೆದು ಬೇರೆ ಬೇರೆ ನಂಬರ್ ಇಟ್ಟಿದ್ದರೆ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಅಂಥವನ್ನು ನೀವೇ ಆರಿಸಿ ಕೂಡಿಸಬೇಕು.

ಎಡವಟ್ಟಾದರೆ .vcf ಕಡತವನ್ನು ತಕ್ಷಣ ಮತ್ತೆ ಹಾಕಬೇಡಿ, ಇದ್ದದ್ದರ ಮೇಲೆ ಇನ್ನೊಂದು ಪ್ರತಿ ಬಂದು ರಾಶಿ ಇಮ್ಮಡಿಯಾಗುತ್ತದೆ. ಕಂಪ್ಯೂಟರಿನಲ್ಲಿ contacts.google.com ತೆರೆದು Undo changes ಆರಿಸಿದರೆ ಗೂಗಲ್ ಪಟ್ಟಿಯನ್ನು ಹಿಂದಿನ 30 ದಿನಗಳೊಳಗಿನ ಯಾವುದೇ ಸ್ಥಿತಿಗೆ ಒಯ್ಯಬಹುದು. ಆ ಅವಧಿಯಲ್ಲಿ ಹೊಸದಾಗಿ ಸೇರಿಸಿದ ನಂಬರುಗಳೂ ಆಗ ಮಾಯವಾಗುತ್ತವೆ, ಅವನ್ನು ಮೊದಲೇ ಬರೆದಿಟ್ಟುಕೊಳ್ಳಿ.